ದೆಣ್ಣೆ ಬೋಸೆ: ಬಾಯಿ ತಪ್ಪಿದಾಗ ಅಕ್ಷರ ಒಡೆಯೋದು ಎಲ್ಲಿ?

ಹೋದ ವರ್ಷ ನಮ್ಮ ಸೋದರಮಾವ ಊರಿಗೆ ಬಂದಿದ್ರು, ದಾವಣಗೆರೆಗೆ ಬಂದ್ಮೇಲೆ ಬೆಣ್ಣೆ ದೋಸೆ ತಿನ್ಸದೆ ಕಳ್ಸಕ್ಕಾಗತ್ತಾ, ಹಳೇ ಬಸ್ ಸ್ಟ್ಯಾಂಡ್ ಕಡೆ ಕರ್ಕೊಂಡು ಹೋದೆ. ಜನವೋ ಜನ, ನಿಂತು ನಿಂತು ಸಾಕಾಗಿ ಕೊನೆಗೊಂದು ಟೇಬಲ್ ಸಿಕ್ತು, ಸಪ್ಲೈಯರ್ ಹುಡುಗ ಬಂದು ನಿಂತ ತಕ್ಷಣ ಮಾವ ಅವಸರದಲ್ಲಿ "ನಾಕು ದೆಣ್ಣೆ ಬೋಸೆ ಕೊಡಪ್ಪ" ಅಂದ್ರು. ಆ ಹುಡುಗ ಮುಖ ಕೂಡ ಎತ್ತಲಿಲ್ಲ, "ನಾಕು ಬೆಣ್ಣೆ ದೋಸೆ" ಅಂತ ಒಳಗೆ ಕೂಗಿ ಹೋದ. ಮಾವಂಗೆ ತಾವೇನಂದ್ವಿ ಅಂತ ಗೊತ್ತೇ ಆಗ್ಲಿಲ್ಲ. ನಾನು ಮಾತ್ರ ಜೇಬಲ್ಲಿದ್ದ ಚೀಟಿ ಮೇಲೆ ಅದನ್ನ ಹಂಗಂಗೇ ಬರ್ಕೊಂಡೆ, ಯಾಕಂದ್ರೆ ಭಾಷಾಶಾಸ್ತ್ರದಲ್ಲಿ ತುಂಬಾ ಹಳೇದೊಂದು ಪ್ರಶ್ನೆಗೆ ಇಷ್ಟು ಚೊಕ್ಕವಾದ ಉತ್ತರ ಕನ್ನಡದಲ್ಲಿ ನನ್ನ ಕಿವಿಗೆ ಅದುವರೆಗೂ ಬಿದ್ದಿರಲಿಲ್ಲ.

ಮೊದ್ಲು ಪ್ರಶ್ನೆ ಏನು ಅಂತ ಹೇಳ್ತೀನಿ. ನಾವು ಸ್ಕೂಲಲ್ಲಿ ಬ್ + ಎ = ಬೆ ಅಂತ ಕಲ್ತಿದೀವಿ. ಅಂದ್ರೆ ಬೆ ಅನ್ನೋದರೊಳಗೆ ಎರಡು ಧ್ವನಿ ಇದಾವೆ, ಒಂದು ವ್ಯಂಜನ ಒಂದು ಸ್ವರ. ಇದು ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದ್ರೆ ಇದರ ಬಗ್ಗೆ ಡೌಟೇ ಬರಲ್ಲ. ಆದ್ರೆ ಫೋನಲ್ಲಿ "ಬೆಣ್ಣೆ" ಅಂತ ರೆಕಾರ್ಡ್ ಮಾಡಿ, ಪ್ರಾಟ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ಓಪನ್ ಮಾಡಿ ಆ ಅಲೆ ನೋಡ್ರಿ, ಬ್ ಪೂರ್ತಿ ಮುಗಿದು ಎ ಶುರು ಆಗೋದು ಇಲ್ಲೇ ಅಂತ ಚೊಕ್ಕವಾಗಿ ಗೆರೆ ಎಳೆಯಕ್ಕೆ ಆಗಲ್ಲ. ಎ ಇರೋ ಭಾಗನ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸ್ತಾ ಬಂದ್ರೂ ಬರೀ ಬ್ ಸಿಗೋದೇ ಇಲ್ಲ, ಒಂದು ಹಂತದವರೆಗೆ ಬೆ ಅಂತಲೇ ಕೇಳತ್ತೆ, ಆಮೇಲೆ ಒಮ್ಮೆಲೇ ಮಾತೇ ಅಲ್ಲದ ಒಂದು ಚಿವ್ ಅನ್ನೋ ಸದ್ದಾಗಿ ಹೋಗತ್ತೆ. ಬಾಯಲ್ಲಿ ಆಗೋದೂ ಹಂಗೇನೇ, ತುಟಿ ಬ್‌ಗೆ ಮುಚ್ಚಿರುವಾಗಲೇ ನಾಲಿಗೆ ಎ ಗೆ ರೆಡಿಯಾಗಿ ಕೂತಿರತ್ತೆ. ದಿ ಮತ್ತು ದು ತಗೊಂಡ್ರಂತೂ ಎರಡರಲ್ಲೂ ಇರೋ ದ್ ಗಾಳೀಲಿ ಒಂದೇ ಥರ ಇರಲ್ಲ, ಒಂದರಲ್ಲಿ ಅಲೆಯ ಒಂದು ಪಟ್ಟಿ ಮೇಲಕ್ಕೆ ಏರತ್ತೆ, ಇನ್ನೊಂದರಲ್ಲಿ ಕೆಳಕ್ಕೆ ಇಳಿಯತ್ತೆ.

ಹಂಗಾದ್ರೆ ಈ ಬ್, ದ್, ಎ, ಓ ಅನ್ನೋ ಬಿಡಿ ಬಿಡಿ ಧ್ವನಿಗಳು ಗಾಳೀಲಿ ಇಲ್ಲ, ಬಾಯಲ್ಲೂ ಸರಿಯಾಗಿ ಬೇರೆ ಬೇರೆಯಾಗಿಲ್ಲ. ಮತ್ತೆಲ್ಲಿದಾವೆ? ವ್ಯಾಕರಣ ಬರೆದೋರ ಪುಸ್ತಕದಲ್ಲಿ ಮಾತ್ರ ಇದಾವಾ, ಅಥವಾ ಮಾತಾಡೋರ ತಲೆಯೊಳಗೆ ನಿಜವಾಗ್ಲೂ ಬಿಡಿಯಾಗಿ ಇದಾವಾ? 1971ರಲ್ಲಿ ವಿಕ್ಟೋರಿಯಾ ಫ್ರಾಮ್ಕಿನ್ ಅನ್ನೋ ಅಮೆರಿಕದ ಭಾಷಾಶಾಸ್ತ್ರಜ್ಞೆ, ಲಾಸ್ ಏಂಜಲೀಸ್‌ನ ಯುನಿವರ್ಸಿಟೀಲಿ ಇದ್ದೋರು, ಇದೇ ಪ್ರಶ್ನೆ ಇಟ್ಕೊಂಡು ಒಂದು ಲೇಖನ ಬರೆದ್ರು. ಅವರ ದಾರಿ ಸರಳ, ಜನ ಬಾಯ್ತಪ್ಪಿ ಮಾತಾಡಿದ್ದನ್ನ ಬರ್ಕೊಳ್ಳೋದು. ಆ ಲೇಖನದ ಹೊತ್ತಿಗೆ ಅವರ ಹತ್ರ 600ಕ್ಕೂ ಜಾಸ್ತಿ ಅಂಥ ತಪ್ಪುಗಳು ಸೇರಿದ್ವು. ಅವರಿಗಿಂತ ಮುಂಚೇನೂ 1895ರಲ್ಲೇ ವಿಯೆನ್ನಾದಲ್ಲಿ ರುಡಾಲ್ಫ್ ಮೆರಿಂಗರ್ ಅನ್ನೋರು, ಕಾರ್ಲ್ ಮಾಯರ್ ಅನ್ನೋ ಡಾಕ್ಟರ್ ಜೊತೆ ಸೇರಿ, ಜರ್ಮನ್‌ನಲ್ಲಿ ಇಂಥದ್ದೇ ದೊಡ್ಡ ಸಂಗ್ರಹ ಮಾಡಿದ್ರು.

ಈಗ ಮಾವನ ದೋಸೆಗೆ ಬರೋಣ. ಇದನ್ನ ನಿಧಾನಕ್ಕೆ ನೋಡ್ಬೇಕು.

ಹೇಳ್ಬೇಕಾಗಿದ್ದು ಬೆಣ್ಣೆ ದೋಸೆ. ಬಂದಿದ್ದು ದೆಣ್ಣೆ ಬೋಸೆ. ನಮ್ಮ ಬರವಣಿಗೇಲಿ ಬೆ ಒಂದು ಅಕ್ಷರ, ದೋ ಒಂದು ಅಕ್ಷರ. ಕನ್ನಡದೋರ ತಲೇಲಿ ಮಾತಿನ ಇಟ್ಟಿಗೆ ಅಂದ್ರೆ ಈ ಇಡೀ ಅಕ್ಷರವೇ ಆಗಿದ್ರೆ, ಎರಡು ಇಟ್ಟಿಗೆ ಅದಲುಬದಲು ಆದಾಗ ಬರ್ಬೇಕಾಗಿದ್ದು "ದೋಣ್ಣೆ ಬೆಸೆ". ಅದು ಬರಲಿಲ್ಲ. ಬ್ ಮತ್ತು ದ್ ಮಾತ್ರ ಜಾಗ ಬದಲಾಯಿಸಿಕೊಂಡ್ವು, ಎ ಮತ್ತು ಓ ಕೂತ ಜಾಗದಿಂದ ಅಲ್ಲಾಡಲಿಲ್ಲ. ಬರವಣಿಗೆ ಲೆಕ್ಕದಲ್ಲಿ ಹೇಳೋದಾದ್ರೆ ಎತ್ವ ಓತ್ವ ಅಲ್ಲೇ ಉಳಿದು ಅದರ ಕೆಳಗಿನ ವ್ಯಂಜನ ಮಾತ್ರ ಎದ್ದು ಹೋದಂಗೆ. ಮಾವನ ತಲೇಲಿ ಬೆ ಅನ್ನೋದು ಒಡೆಯಕ್ಕಾಗದ ಒಂದೇ ತುಂಡಾಗಿದ್ರೆ ಈ ತಪ್ಪು ಆಗಕ್ಕೆ ದಾರೀನೇ ಇರಲಿಲ್ಲ. ಕೀಲಿರೋ ಕಡೆ ತಾನೆ ಮಡಚೋದು, ಕೀಲಿಲ್ಲದ ಕಡೆ ಮಡಚಲ್ಲ.

ಅದೂ ಅಲ್ದೆ ಇನ್ನೊಂದು ವಿಷಯ ಇದೆ, ನನಗೆ ಇದೇ ಹೆಚ್ಚು ಇಷ್ಟ. ಮಾವ "ದೆ" ಅಂತ ಬಾಯಿ ತೆಗೆದಾಗ ದೋಸೆ ಅನ್ನೋ ಪದ ಇನ್ನೂ ಬಂದಿಲ್ಲ. ಹಂಗಿದ್ರೂ ಅದರ ದ್ ಮೊದಲೇ ಬಂದು ಕೂತಿದೆ, ಅಂದ್ರೆ ಬೆಣ್ಣೆ ಶುರು ಮಾಡೋ ಮೊದಲೇ ದೋಸೆಯ ಧ್ವನಿಗಳು ತಲೇಲಿ ರೆಡಿ ಇದ್ವು. ಆಮೇಲೆ, ಜಾಗ ಕಳ್ಕೊಂಡ ಬ್ ಮಾಯ ಆಗಲಿಲ್ಲ. ಅದು ಕಾದಿದ್ದು, ದ್ ಖಾಲಿ ಮಾಡಿದ ಜಾಗಕ್ಕೇ ಹೋಗಿ ಕೂತ್ಕೊಂತು, ನಡುವೆ ಇದ್ದ ಣ್ಣೆ ಹತ್ರ ಹೋಗಿ ನುಗ್ಗಲಿಲ್ಲ. ಇಲ್ಲಿ ಎರಡು ಬೇರೆ ಬೇರೆ ವಸ್ತು ಕಾಣತ್ತೆ, ಒಂದು ಧ್ವನಿಗಳು, ಇನ್ನೊಂದು ಅವು ಕೂರೋ ಜಾಗಗಳ ಒಂದು ಚೌಕಟ್ಟು. ಪದದ ಮೊದಲ ವ್ಯಂಜನದ ಜಾಗ, ಆಮೇಲೆ ಸ್ವರದ ಜಾಗ, ಒತ್ತು ಬೀಳೋ ಜಾಗ, ಹಿಂಗೆ. ಸ್ಟೇಫನಿ ಶಾಟಕ್-ಹಫ್‌ನಾಗೆಲ್ ಅನ್ನೋರು 1979ರಲ್ಲಿ ಈ ಚೌಕಟ್ಟು ಮತ್ತು ಅದಕ್ಕೆ ತುಂಬೋ ಧ್ವನಿ ಅನ್ನೋ ವಿವರಣೇನ ವ್ಯವಸ್ಥಿತವಾಗಿ ಕೊಟ್ರು. ಮೊದಲಿನದು ಮೊದಲಿನದರ ಜೊತೆ, ಸ್ವರ ಸ್ವರದ ಜೊತೆ, ಕೊನೇದು ಕೊನೇದರ ಜೊತೆ ಅದಲುಬದಲು, ವ್ಯಂಜನ ಹೋಗಿ ಸ್ವರದ ಜಾಗದಲ್ಲಿ ಕೂರೋದು ಬಹಳ ಬಹಳ ಅಪರೂಪ. ಇಂಗ್ಲಿಷಲ್ಲಿ ಸ್ವರ ಮಾತ್ರ ಹಾರಿದ್ದಕ್ಕೆ ಫ್ರಾಮ್ಕಿನ್ ಕೊಟ್ಟ ಒಂದು ಉದಾಹರಣೆ "ಫಿಲ್ ದ ಪೂಲ್" ಅನ್ನೋದು "ಫೂಲ್ ದ ಪಿಲ್" ಆಗಿದ್ದು. ಇಲ್ಲಿ ಇ ಮತ್ತು ಊ ಮಾತ್ರ ಓಡಾಡಿದಾವೆ, ಫ್ ಪ್ ಲ್ ಮೂರೂ ಇದ್ದಲ್ಲೇ ಇದಾವೆ.

ಎಲ್ಲಾ ತಪ್ಪೂ ಹಿಂಗೆ ಪೂರ್ತಿ ಅದಲುಬದಲು ಆಗಿರಲ್ಲ. "ದೆಣ್ಣೆ ದೋಸೆ" ಅಂದಿದ್ರೆ ಮುಂದಿನ ಧ್ವನಿ ಹಿಂದಕ್ಕೆ ಬಂತು ಅಷ್ಟೆ, "ಬೆಣ್ಣೆ ಬೋಸೆ" ಅಂದಿದ್ರೆ ಹಿಂದಿಂದು ಮುಂದಕ್ಕೂ ಎಳ್ಕೊಂಡು ಹೋಯ್ತು. ಜನ ಅರ್ಧದಲ್ಲೇ ತಡೆದು "ದೆ... ಬೆಣ್ಣೆ ದೋಸೆ" ಅಂತ ತಿದ್ಕೊಳ್ಳೋದೇ ನಾನು ಜಾಸ್ತಿ ಕೇಳೋದು, ಆದ್ರೆ ಅಂಥದ್ದರಲ್ಲಿ ಆಮೇಲೆ ಏನಾಗ್ತಿತ್ತೋ ಹೇಳಕ್ಕಾಗಲ್ಲ. ಪೂರ್ತಿ ಅದಲುಬದಲು ಆದಾಗ ಎರಡೂ ತುಂಡು ಕಣ್ಮುಂದೆ ಇರತ್ತೆ, ಅದಕ್ಕೇ ಅದು ಗಟ್ಟಿ ಸಾಕ್ಷಿ.

ಇಂಗ್ಲಿಷಲ್ಲಿ ಈ ಅದಲುಬದಲಿಗೆ ಸ್ಪೂನರಿಸಂ ಅಂತಾರೆ, ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನ ಮುಖ್ಯಸ್ಥರಾಗಿದ್ದ ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ (1844–1930) ಅನ್ನೋರ ಹೆಸರಲ್ಲಿ. ಅವರ ಹೆಸರಲ್ಲಿ ಓಡಾಡೋ ತಮಾಷೆಗಳಲ್ಲಿ ಮುಕ್ಕಾಲು ಪಾಲು ಬೇರೆಯೋರು ಕೂತು ಹೊಸೆದಿದ್ದು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಕೂತು ಯೋಚಿಸಿ ಕಟ್ಟಿದ ತಮಾಷೆ ಸಾಕ್ಷಿ ಅಲ್ಲ, ಬರೆಯಕ್ಕೆ ಕಲಿತೋನು ಅಕ್ಷರಾನ ಬೇಕಾದಂಗೆ ಒಡೆದು ಆಟ ಆಡಬಹುದು. ತಾನಾಗೇ ಬಂದಿದ್ದೇ ಬೇಕು.

ಇಲ್ಲಿ ಒಂದು ಒಳ್ಳೆ ತಕರಾರು ಏಳತ್ತೆ. ಬ್ + ಎ ಅಂತ ಒಡೆಯೋದನ್ನ ಸ್ಕೂಲೇ ಕಲಿಸಿದ್ದು ತಾನೆ, ಓದಿದೋರ ತಲೆ ಹಂಗಾಗಿರಬಹುದು, ಓದದೇ ಇರೋರ ತಲೇಲಿ ಹಂಗಿರಲ್ಲ ಅಂತ. ಇದು ಸುಮ್ನೆ ತೆಗೆದುಹಾಕೋ ಮಾತಲ್ಲ. 1979ರಲ್ಲಿ ಪೋರ್ಚುಗಲ್‌ನಲ್ಲಿ ಜೋಸೆ ಮೊರಾಯಿಸ್ ಮತ್ತು ಜೊತೆಯೋರು ಓದು ಬರಹ ಬರದ ದೊಡ್ಡೋರಿಗೆ ಒಂದು ಪದ ಕೊಟ್ಟು ಮೊದಲ ವ್ಯಂಜನ ತೆಗೆದು ಹೇಳಿ ಅಂದಾಗ ಅವರಿಗೆ ತುಂಬಾ ಕಷ್ಟ ಆಯ್ತು, ದೊಡ್ಡೋರಾದ್ಮೇಲೆ ಓದಕ್ಕೆ ಕಲಿತೋರಿಗೆ ಅಷ್ಟು ಕಷ್ಟ ಆಗಲಿಲ್ಲ. ನಮ್ಮ ಕನ್ನಡ ಓದೋ ಮಕ್ಕಳ ಮೇಲೂ ಕೆಲಸ ಆಗಿದೆ, 2007ರಲ್ಲಿ ಸೋನಾಲಿ ನಾಗ್ ತೋರಿಸಿದ್ದು ಏನಂದ್ರೆ ಅಕ್ಷರದ ಮಟ್ಟದ ಅರಿವು ಮಕ್ಕಳಿಗೆ ಬೇಗ ಬರತ್ತೆ, ಅದರೊಳಗಿನ ಬಿಡಿ ಧ್ವನಿಯ ಅರಿವು ನಿಧಾನಕ್ಕೆ ಬರತ್ತೆ. ನಾವು ಚಿಕ್ಕೋರಿದ್ದಾಗ ದೊಡ್ಡೋರಿಗೆ ಗೊತ್ತಾಗಬಾರ್ದು ಅಂತ ಕ-ಭಾಷೆ ಆಡ್ತಿದ್ವಿ, "ನಾನು" ಅನ್ನಕ್ಕೆ "ಕನಾ ಕನು". ಅಲ್ಲೂ ನಾವು ಮಾತನ್ನ ಅಕ್ಷರದ ಲೆಕ್ಕದಲ್ಲೇ ತುಂಡು ಮಾಡ್ತಿದ್ದಿದ್ದು, ಯಾರೂ ನ್ ಬೇರೆ ಆ ಬೇರೆ ಮಾಡ್ತಿರಲಿಲ್ಲ.

ಆದ್ರೆ ಇವೆಲ್ಲ ಬೇಕು ಅಂತ ಒಡೆಯೋದು. ಬಾಯಿ ತಪ್ಪೋದು ಬೇರೆ ಕಥೆ. ಚಿತ್ರದುರ್ಗದಲ್ಲಿರೋ ನಮ್ಮ ಅಜ್ಜಿ ಸ್ಕೂಲ್ ಮೆಟ್ಟಿಲು ಹತ್ತಿಲ್ಲ, ಸಹಿ ಜಾಗದಲ್ಲಿ ಹೆಬ್ಬೆಟ್ಟು. ಒಂದ್ಸಲ ನನ್ನ ತಂಗಿ ಮಗಂಗೆ ಕೋಟೆ ಕಥೆ ಹೇಳ್ತಾ ಹೇಳ್ತಾ "ಏಳು ಕುತ್ತಿನ ಸೋಟೆ ಅದು" ಅಂದುಬಿಟ್ಟು ಅಲ್ಲೇ ನಿಲ್ಲಿಸಿ "ಏ, ಸುತ್ತಿನ ಕೋಟೆ" ಅಂತ ತಿದ್ಕೊಂಡ್ರು. ಸು ಮತ್ತು ಕೋ ಹೋಗಿ ಕು ಮತ್ತು ಸೋ. ಸ್ ಮತ್ತು ಕ್ ಓಡಾಡಿದ್ವು, ಉ ಮತ್ತು ಓ ಅಲ್ಲೇ ಇದ್ವು. ಆಮೇಲೆ ನಾನು ಬೇಕು ಅಂತ್ಲೇ ಕೇಳ್ದೆ, "ಅಜ್ಜಿ, ಕೋಟೆ ಅನ್ನೋದರಲ್ಲಿ ಮೊದಲ್ನೇ ಸದ್ದು ತೆಗೆದ್ರೆ ಏನುಳಿಯತ್ತೆ?" ಅಂತ. ಒಂಚೂರು ಯೋಚ್ನೆ ಮಾಡಿ "ಟೆ" ಅಂದ್ರು. "ಓಟೆ" ಅನ್ನಲಿಲ್ಲ. ಕೇಳಿದ್ರೆ ಅಜ್ಜಿ ಒಡೆಯೋದು ಕೋ ಮತ್ತು ಟೆ ನಡುವೆ, ಬಾಯ್ತಪ್ಪಿದಾಗ ಒಡೆದಿದ್ದು ಕ್ ಮತ್ತು ಓ ನಡುವೆ. ಒಬ್ಬರ ಒಂದು ತಪ್ಪಿಂದ ತೀರ್ಮಾನ ಮಾಡಕ್ಕಾಗಲ್ಲ ಅನ್ನೋದು ಸರಿ, ಆದ್ರೆ ಅರಿವು ಬೇರೆ, ಮಾತು ಕಟ್ಟೋ ಯಂತ್ರ ಬೇರೆ ಅನ್ನೋದು ನನಗೆ ಅವತ್ತು ಪುಸ್ತಕದಲ್ಲಿ ಓದಿದ್ದಕ್ಕಿಂತ ಸ್ಪಷ್ಟವಾಗಿ ಕಾಣ್ತು.

ಇನ್ನೊಂದು ತಕರಾರು, ಇದು ತಲೇದಲ್ಲ ಬರೀ ನಾಲಿಗೆ ಎಡವಿದ್ದು ಅನ್ನೋದು. ಅದಕ್ಕೆ ಫ್ರಾಮ್ಕಿನ್ ಹತ್ರ ಚಂದದ ಉತ್ತರ ಇದೆ. ಇಂಗ್ಲಿಷಲ್ಲಿ ವ್ಯಂಜನದಿಂದ ಶುರು ಆಗೋ ಪದದ ಹಿಂದೆ "ಅ", ಸ್ವರದಿಂದ ಶುರು ಆಗೋದರ ಹಿಂದೆ "ಆನ್" ಬರತ್ತೆ ಅಂತ ಎಲ್ಲರಿಗೂ ಗೊತ್ತು. ಒಬ್ಬರು "ಅ ಕರೆಂಟ್ ಆರ್ಗ್ಯುಮೆಂಟ್" ಅನ್ನಕ್ಕೆ ಹೋಗಿ "ಆನ್ ಅರೆಂಟ್ ಕರ್ಗ್ಯುಮೆಂಟ್" ಅಂದ್ರು. ಕ್ ಒಂದೇ ಹಾರಿ ಮುಂದಿನ ಪದಕ್ಕೆ ಹೋಯ್ತು, ಮೊದಲ ಪದ ಈಗ ಸ್ವರದಿಂದ ಶುರು ಆಗತ್ತೆ, ತಕ್ಷಣ ಅದರ ಹಿಂದಿನದು ಆನ್ ಆಗಿ ತಿದ್ಕೊಂಡಿದೆ. ನಾಲಿಗೆ ಕೊನೇ ಗಳಿಗೇಲಿ ಎಡವಿದ್ದೇ ಆಗಿದ್ರೆ ಅಷ್ಟೊತ್ತಿಗೆ "ಅ" ಬಾಯಿಂದ ಹೊರಗೆ ಹೋಗಿರ್ತಿತ್ತು. ಧ್ವನಿ ಜಾಗ ತಪ್ಪಿದ್ದು ಬಾಯಿಗಿಂತ ಎಷ್ಟೋ ಮೇಲೆ, ಆಮೇಲೆ ವ್ಯಾಕರಣ ಏನೂ ಆಗಿಲ್ಲದಂಗೆ ತನ್ನ ಕೆಲಸ ತಾನು ಮಾಡಿದೆ.

ತಾನಾಗೇ ಬರೋವರೆಗೂ ಕಾಯಬೇಕಾ, ಪ್ರಯೋಗ ಮಾಡಕ್ಕಾಗಲ್ವಾ ಅಂದ್ರೆ ಆಗತ್ತೆ. 1975ರಲ್ಲಿ ಬಾರ್ಸ್, ಮೋಟ್ಲಿ, ಮೆಕೇ ಅನ್ನೋ ಮೂರು ಜನ ಒಂದು ಉಪಾಯ ಬಳಸಿ ಮಾಡಿದ ಪ್ರಯೋಗ ಪ್ರಕಟಿಸಿದ್ರು. ಜೋಡಿ ಪದಗಳನ್ನ ಒಂದಾದ ಮೇಲೊಂದು ತೋರ್ಸೋದು, ಮನಸಲ್ಲೇ ಓದ್ಕೋಬೇಕು, ಬಝರ್ ಆದಾಗ ಮಾತ್ರ ಈಗಷ್ಟೇ ನೋಡಿದ ಜೋಡೀನ ಗಟ್ಟಿಯಾಗಿ ಹೇಳ್ಬೇಕು. ಗುಟ್ಟು ಇರೋದು ಅದಕ್ಕಿಂತ ಹಿಂದಿನ ಜೋಡಿಗಳಲ್ಲಿ. ಕನ್ನಡದಲ್ಲಿ ಮಾಡಿ ತೋರಿಸ್ತೀನಿ: ಬಾಳೆ ತೋಟ, ಬೀದಿ ತಿರುವು, ಬೆರಳು ತುದಿ, ಇವು ಮೂರೂ ಬ್ ಮೊದಲು ತ್ ಆಮೇಲೆ. ತಲೆ ಆ ಸಾಲಿಗೆ ಒಗ್ಗಿಹೋಗತ್ತೆ. ಈಗ "ತಲೆ ಬಟ್ಟೆ" ಅಂತ ತೋರಿಸಿ ಬಝರ್ ಒತ್ತಿದ್ರೆ ಕೆಲವು ಸಲ "ಬಲೆ ತಟ್ಟೆ" ಅಂತ ಬಂದುಬಿಡತ್ತೆ. ನಮ್ಮನೇಲಿ ಚೀಟಿ ಬರೆದು ಆಡಿದಾಗ ಭಾವಂಗೆ ಹಂಗೇ ಆಯ್ತು.

ಆ ಪ್ರಯೋಗದಲ್ಲಿ ಹೊರಬಂದ ವಿಷಯ ಏನಂದ್ರೆ, ತಪ್ಪಾದಾಗ ನಿಜವಾದ ಪದ ಹುಟ್ಟೋ ಹಂಗಿದ್ರೆ ತಪ್ಪು ಜಾಸ್ತಿ ಆಗತ್ತೆ, ಅರ್ಥ ಇಲ್ಲದ್ದು ಹುಟ್ಟೋ ಹಂಗಿದ್ರೆ ಕಡಿಮೆ. ಅವರ ಜೋಡಿ "ಡಾರ್ನ್ ಬೋರ್", ಅದು ತಪ್ಪಿದ್ರೆ "ಬಾರ್ನ್ ಡೋರ್", ಎರಡೂ ಇಂಗ್ಲಿಷ್ ಪದ. "ಡಾರ್ಟ್ ಬೋರ್ಡ್" ತಪ್ಪಿದ್ರೆ "ಬಾರ್ಟ್ ಡೋರ್ಡ್", ಎರಡೂ ಪದ ಅಲ್ಲ, ಅದು ಅಷ್ಟಾಗಿ ತಪ್ಪಲಿಲ್ಲ. ನಮ್ಮ ಲೆಕ್ಕದಲ್ಲಿ ತಲೆ ಬಟ್ಟೆ ಬಲೆ ತಟ್ಟೆ ಆಗೋಷ್ಟು ಸುಲಭಕ್ಕೆ ತುಪ್ಪ ಬೆಲ್ಲ "ಬುಪ್ಪ ತೆಲ್ಲ" ಆಗಬಾರದು. ಅಂದ್ರೆ ಜೋಡಿಸಿದ ಮೇಲೆ, ಬಾಯಿಗೆ ಕಳಿಸೋ ಮುಂಚೆ, ಇದು ಪದವೋ ಅಲ್ಲವೋ ಅನ್ನೋದು ಹೆಂಗೋ ಲೆಕ್ಕಕ್ಕೆ ಬರತ್ತೆ. ಒಳಗೆ ಒಂದು ಚೆಕಿಂಗ್ ಇದೆ ಅಂತ ಕೆಲವರು, ಪದ ಮತ್ತು ಧ್ವನಿ ಒಂದನ್ನೊಂದು ಹಿಂದಕ್ಕೂ ಮುಂದಕ್ಕೂ ಎಳೆಯತ್ತೆ ಅಂತ ಗ್ಯಾರಿ ಡೆಲ್ 1986ರಲ್ಲಿ, ಆ ವಾದ ಇನ್ನೂ ನಡೀತಾ ಇದೆ. ಮಾವನ ದೆಣ್ಣೆ ಬೋಸೆ ಅರ್ಥ ಇಲ್ಲದಿದ್ರೂ ತಪ್ಪಿಸ್ಕೊಂಡು ಹೊರಗೆ ಬಂದಿದ್ದು, ಹಸಿವು ಅವಸರದಲ್ಲಿ ಅಂಥದ್ದೂ ಬರತ್ತೆ.

ಯಾವ ಜೋಡಿ ಬೇಗ ತಪ್ಪತ್ತೆ ಅನ್ನಕ್ಕೂ ಲೆಕ್ಕ ಇದೆ. ಒಂದೇ ಥರದ ಧ್ವನಿಗಳು ಸುಲಭಕ್ಕೆ ಜಾಗ ಬದಲಾಯಿಸ್ಕೊಳ್ತವೆ, ಬ್ ದ್ ಎರಡೂ ಗಾಳಿ ತಡೆದು ಬಿಡೋವು, ಎರಡರಲ್ಲೂ ಗಂಟಲು ನಡುಗತ್ತೆ, ತುಟಿಯೋ ಹಲ್ಲೋ ಅನ್ನೋದಷ್ಟೇ ವ್ಯತ್ಯಾಸ. ಅಕ್ಕಪಕ್ಕದಲ್ಲಿ ಅದೇ ಸ್ವರ ಮತ್ತೆ ಮತ್ತೆ ಬಂದ್ರೂ ತಪ್ಪು ಜಾಸ್ತಿ, ಡೊನಾಲ್ಡ್ ಮೆಕೇ 1970ರಲ್ಲಿ ಮೆರಿಂಗರ್‌ನ ಹಳೇ ಜರ್ಮನ್ ಪಟ್ಟಿ ತೆಗೆದು ಇದನ್ನ ತೋರಿಸಿದ್ರು. ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಅಂತ ನಾವೆಲ್ಲ ತೊದಲಿದ್ದು ಯಾಕೆ ಅಂತ ಈಗ ನೋಡ್ರಿ, ಕರಿ ಕುರಿ ಮರಿ ಮೂರರ ಬಾಲನೂ ರಿ, ಕರಿ ಮರಿ ಎರಡರಲ್ಲೂ ಅದೇ ಅ, ಬೇರೆ ಇರೋದು ಮೊದಲ ವ್ಯಂಜನ ಒಂದೇ. ಎರಡು ಜಾಗಕ್ಕೆ ಒಂದೇ ಅಡ್ರೆಸ್ ಕೊಟ್ಟಂಗೆ.

ಈಗ ಸಂಗ್ರಹದ ತೊಂದರೆ. ನಾನು ಬರ್ಕೊಂಡಿದ್ದು ನನ್ನ ಕಿವಿ ಕೇಳಿದ್ದು, ಕಿವಿ ತನಗೆ ಗೊತ್ತಿರೋ ಧ್ವನಿಗೇ ಎಲ್ಲಾನೂ ಸೇರಿಸಿಬಿಡತ್ತೆ. ಹೋಟೆಲ್ ಹುಡುಗ ತಪ್ಪನ್ನ ಕೇಳಿಸ್ಕೊಳ್ಳದೇ ಸರಿ ಆರ್ಡರ್ ಕೂಗಿದ್ನಲ್ಲ, ಹಂಗೆ ಎಷ್ಟೋ ತಪ್ಪು ಯಾರಿಗೂ ಕೇಳಲ್ಲ. ಮರಿಯಾನ್ ಪೂಪ್ಲಿಯರ್ ಮತ್ತು ಲೂಯಿ ಗೋಲ್ಡ್‌ಸ್ಟೈನ್ 2000ದ ದಶಕದಲ್ಲಿ ಜನರ ನಾಲಿಗೆ ಮೇಲೆ ಸಣ್ಣ ಸಣ್ಣ ಸೆನ್ಸರ್ ಅಂಟಿಸಿ "ಕಾಪ್ ಟಾಪ್ ಕಾಪ್ ಟಾಪ್" ಅಂತ ಬೇಗ ಬೇಗ ಹೇಳ್ಸಿದ್ರು. ಟ್ ಹೇಳುವಾಗ ನಾಲಿಗೆ ತುದಿ ಮೇಲೆದ್ದಿದೆ, ಸರಿಯಾಗೇ ಇದೆ, ಆದ್ರೆ ಅದೇ ಹೊತ್ತಿಗೆ ನಾಲಿಗೆ ಹಿಂಭಾಗನೂ ಕ್‌ಗೆ ಏಳೋ ಹಂಗೆ ಅರ್ಧಂಬರ್ಧ ಎದ್ದಿದೆ. ಒಂದು ಹೋಗಿ ಇನ್ನೊಂದು ಬಂದಿದ್ದಲ್ಲ, ಎರಡೂ ಒಟ್ಟಿಗೆ. ಕೇಳೋರಿಗೆ ಎಷ್ಟೋ ಸಲ ಅದು ಗೊತ್ತೇ ಆಗಲ್ಲ. ಹಂಗಾಗಿ ಚೀಟಿ ಮೇಲೆ ಬರೆದ ತಪ್ಪುಗಳು ಇರೋದಕ್ಕಿಂತ ಚೊಕ್ಕವಾಗಿ ಕಾಣ್ತಿರ್ತವೆ ಅನ್ನೋದನ್ನ ಒಪ್ಪಲೇಬೇಕು, ನಾಣ್ಯ ನಾಣ್ಯಕ್ಕೆ ಬದಲಾದಂಗೆ ಪೂರ್ತಿ ಅದಲುಬದಲೇ ಯಾವಾಗ್ಲೂ ಆಗತ್ತೆ ಅನ್ನೋ ಚಿತ್ರ ಸಡಿಲ ಮಾಡ್ಕೋಬೇಕು. ಆದ್ರೆ ಅರ್ಧ ಎದ್ದಿದ್ದೂ ಕ್‌ನ ಚಲನೆಯೇ, ಅದು ಬಂದಿದ್ದು ಟ್ ಕೂರೋ ಜಾಗಕ್ಕೇ, ಅದರ ಜೊತೆ ಸ್ವರ ಏನೂ ಎದ್ದು ಬಂದಿಲ್ಲ. ವ್ಯಂಜನ ಸ್ವರದಿಂದ ಬಿಡಿಸ್ಕೊಂಡು ಓಡಾಡತ್ತೆ ಅನ್ನೋ ಮಾತಿಗೆ ಇದರಿಂದ ಪೆಟ್ಟು ಬೀಳಲ್ಲ.

ಧ್ವನಿಗಿಂತ ಕೆಳಗೂ ಕೀಲು ಇದಾವೆ. "ಕ್ಲಿಯರ್ ಬ್ಲೂ ಸ್ಕೈ" ಅನ್ನೋದು "ಗ್ಲಿಯರ್ ಪ್ಲೂ ಸ್ಕೈ" ಆಗಿದ್ದನ್ನ ಫ್ರಾಮ್ಕಿನ್ ಬರ್ಕೊಂಡಿದಾರೆ, ಅಲ್ಲಿ ಗ್ ಆಗ್ಲಿ ಪ್ ಆಗ್ಲಿ ಹೇಳಬೇಕಾದ ಮಾತಲ್ಲಿ ಆ ಜಾಗದಲ್ಲೆಲ್ಲೂ ಇರಲೇ ಇಲ್ಲ. ಗಂಟಲಿನ ನಡುಕ ಒಂದೇ ಬ್ ಇಂದ ಎದ್ದು ಕ್ ಮೇಲೆ ಹೋಗಿ ಕೂತಿದೆ, ನಡುಕ ಸೇರಿದ ಕ್ ಈಗ ಗ್, ನಡುಕ ಕಳ್ಕೊಂಡ ಬ್ ಈಗ ಪ್, ಗಾಳಿಪಟ ಅನ್ನಕ್ಕೆ ಹೋಗಿ "ಕಾಳಿಬಟ" ಅಂದಂಗೆ. ಇಂಥವು ತುಂಬಾ ಕಮ್ಮಿ, ಇಡೀ ವ್ಯಂಜನ ಓಡಾಡೋದೇ ಜಾಸ್ತಿ.

ನೀವೂ ಬರ್ಕೊಳ್ಳೋದಾದ್ರೆ ಕೇಳಿದ ತಕ್ಷಣ ಬರೀರಿ, ಹತ್ತು ನಿಮಿಷ ಬಿಟ್ಟು ಬರೆದ್ರೆ ನಿಮ್ಮ ನೆನಪೇ ಅದನ್ನ ತಿದ್ದಿರತ್ತೆ. ಮಾತಾಡಿದೋರು ತಾವೇ ತಿದ್ಕೊಂಡ್ರಾ ಅಂತ ಪಕ್ಕದಲ್ಲಿ ಹಾಕ್ರಿ, ತಿದ್ಕೊಂಡಿದ್ರೆ ಅವರು ಹೇಳಕ್ಕೆ ಹೊರಟಿದ್ದು ಏನು ಅನ್ನೋದು ಪಕ್ಕಾ ಆಗತ್ತೆ. ಚಿಕ್ಕ ಮಕ್ಕಳು ಯಾವಾಗ್ಲೂ ಒಂದೇ ಥರ ತಪ್ಪು ಹೇಳೋ ಪದ ಇದಕ್ಕೆ ಬರಲ್ಲ, ಅದು ಇನ್ನೂ ಕಲೀತಾ ಇರೋದು. ಕೆಲವು ಜೋಡೀಲಿ ಎಷ್ಟು ಕಿವಿಗೊಟ್ರೂ ಏನೂ ಸಿಗಲ್ಲ, ಮಂಡಕ್ಕಿ ಮಿರ್ಚಿ ಥರದ್ದು, ಎರಡರ ಮೊದಲಿನ ಮ್ ಜಾಗ ಬದಲಾಯಿಸ್ಕೊಂಡ್ರೂ ಬರೋದು ಮಂಡಕ್ಕಿ ಮಿರ್ಚೀನೇ.

ಬಾಯ್ತಪ್ಪುಗಳನ್ನ ಬರ್ಕೊಳ್ಳೋ ನನ್ನ ಪುಸ್ತಕಕ್ಕೆ ನಾನು ಈಗ ಕಾಯ್ತಾ ಇರೋದು ಒಂದು ಅನುಸ್ವಾರದ ತಪ್ಪಿಗೆ. ಕಂಬ ಅನ್ನುವಾಗ ಸೊನ್ನೆ ಮ್ ಆಗಿ ಕೇಳತ್ತೆ, ಸಂತೆ ಅನ್ನುವಾಗ ನ್ ಆಗಿ, ಮುಂದಿನ ವ್ಯಂಜನ ನೋಡ್ಕೊಂಡು ಅದು ಬಣ್ಣ ಬದಲಾಯಿಸತ್ತೆ. ಯಾರಾದ್ರೂ ಕಂಬ ಸಂತೆ ಎರಡನ್ನೂ ಒಂದೇ ಉಸಿರಲ್ಲಿ ಹೇಳಕ್ಕೆ ಹೋಗಿ ಬ್ ತ್ ಅದಲುಬದಲಾಗಿ "ಕಂತ ಸಂಬೆ" ಅಂತ ಅಂದು, ಸೊನ್ನೆಗಳೂ ತಾವಾಗೇ ನ್, ಮ್ ಅಂತ ಬದಲಾಗಿದ್ರೆ, ಆ "ಆನ್ ಅರೆಂಟ್ ಕರ್ಗ್ಯುಮೆಂಟ್"ಗೆ ಸಮ ಆಗೋ ಸಾಕ್ಷಿ ಕನ್ನಡದಲ್ಲೇ ಸಿಕ್ಕಂಗಾಗತ್ತೆ.